38 ಪ್ರಶ್ನೆಗಳ ಪೇಪರಿನಲ್ಲಿ 19ನೆಯದಕ್ಕೇ ನಿಂತ ಹುಡುಗಿ: ಒಂದು ಎಸ್ಸೆಸ್ಸೆಲ್ಸಿ ಪ್ರಕರಣ

ನಾನು ಶಾಲಾ ಮಕ್ಕಳ ಆಪ್ತಸಮಾಲೋಚಕಿ. ಪೋಷಕರ ಸಭೆಗಳಲ್ಲಿ ಪರೀಕ್ಷೆಯ ಒತ್ತಡದ ಬಗ್ಗೆ ಮಾತಾಡಲು ಕರೆದಾಗ ಈ ಒಂದೇ ಪ್ರಕರಣವನ್ನು ಹೇಳುತ್ತೇನೆ. ಹತ್ತು ಲಕ್ಷಣಗಳ ಪಟ್ಟಿ ಓದಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಮನೆಗೆ ಹೋಗಿ ಮರೆಯುತ್ತಾರೆ. ಒಂದು ಮಗುವಿನ ಕಥೆ ಪೂರ್ತಿ ಕೇಳಿದರೆ ತಮ್ಮ ಮಗು ನೆನಪಾಗುತ್ತದೆ. ಹುಡುಗಿಯ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹಾಸನದ ಕಡೆಯ ಒಂದು ತಾಲ್ಲೂಕು ಊರು, ಅನುದಾನಿತ ಹೈಸ್ಕೂಲು, ಕನ್ನಡ ಮಾಧ್ಯಮ. ಅಪ್ಪ ಗೂಡ್ಸ್ ಆಟೊ ಓಡಿಸುತ್ತಾರೆ, ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಒಂಬತ್ತನೇ ಕ್ಲಾಸಿನವರೆಗೂ ಹುಡುಗಿ ಮೊದಲ ಮೂರರಲ್ಲೇ ಇದ್ದವಳು.

ಒತ್ತಡ ಅಂದ ಕೂಡಲೇ ಬೈಯುವ ಅಪ್ಪ, ಹೊಡೆಯುವ ಮೇಷ್ಟ್ರು ಕಣ್ಣಿಗೆ ಬರುತ್ತಾರೆ ಅಲ್ವಾ? ಇಲ್ಲಿ ಅಂಥವರು ಯಾರೂ ಇರಲಿಲ್ಲ. ಆ ಮನೆಯಲ್ಲಿ ಒಬ್ಬರೂ ಅವಳಿಗೆ ಗದರಿದವರಲ್ಲ. 'ನಿನ್ನ ಕೈಲಿ ಆಗುತ್ತೆ ಮಗಾ, ನಮಗೆ ಗೊತ್ತು' ಎನ್ನುತ್ತಿದ್ದರು, ಅಷ್ಟೇ.

ಜನವರಿಯ ಮೊದಲ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತಕ್ಕೆ ಅವಳಿಗೆ 80ಕ್ಕೆ 71 ಬಂದಿತ್ತು. ಫೆಬ್ರವರಿಯ ಎರಡನೆಯದರಲ್ಲಿ 31. ಗಣಿತದ ಮೇಷ್ಟ್ರು ನನ್ನನ್ನು ಕರೆಸಿದ್ದು ಈ ಅಂಕ ನೋಡಿ ಅಲ್ಲ. ಅಂಕ ಇಳಿಯುವುದು ಅವರಿಗೆ ಹೊಸದಲ್ಲ. ಅವರು ನನ್ನ ಮುಂದಿಟ್ಟದ್ದು ಉತ್ತರ ಪತ್ರಿಕೆ.

ಎಸ್ಸೆಸ್ಸೆಲ್ಸಿ ಗಣಿತದ ಪೇಪರಿನಲ್ಲಿ 38 ಪ್ರಶ್ನೆ. ಮೊದಲ 16 ಒಂದೊಂದು ಅಂಕದವು, ಆಮೇಲೆ ಎರಡು ಅಂಕದವು ಶುರು. ಅವಳ ಪತ್ರಿಕೆಯಲ್ಲಿ ಒಂದು ಅಂಕದ ಉತ್ತರಗಳು ಮುದ್ದಾದ ಅಕ್ಷರದಲ್ಲಿದ್ದವು, ಒಂದು ಬಿಟ್ಟು ಎಲ್ಲಾ ಸರಿ. 17, 18 ಸರಿ. 19ನೆಯದು ಎರಡು ಸಮೀಕರಣ ಬಿಡಿಸುವ ಸಾಮಾನ್ಯ ಲೆಕ್ಕ, ಅದೇ ಲೆಕ್ಕವನ್ನು ಅವಳು ಕ್ಲಾಸಿನಲ್ಲಿ ಬೋರ್ಡ್ ಮೇಲೆ ಬೇರೆ ಮಕ್ಕಳಿಗೆ ಮಾಡಿ ತೋರಿಸಿದ್ದಳು. ಇಲ್ಲಿ ಬರೆದಿದ್ದಾಳೆ, ಹೊಡೆದುಹಾಕಿದ್ದಾಳೆ. ಮತ್ತೆ ಬರೆದಿದ್ದಾಳೆ, ಮತ್ತೆ ಹೊಡೆದುಹಾಕಿದ್ದಾಳೆ. ಹೀಗೆ ನಾಲ್ಕು ಸಲ, ಕೊನೆಯ ಸಲ ಗೀಟು ಎಷ್ಟು ಒತ್ತಿ ಎಳೆದಿದ್ದಳೆಂದರೆ ಕೆಳಗಿನ ಹಾಳೆಯಲ್ಲೂ ಅಚ್ಚು ಮೂಡಿತ್ತು. ತಮಾಷೆ ಏನೆಂದರೆ ಎರಡನೇ ಸಲ ಬರೆದದ್ದು ಸರಿಯಾಗಿಯೇ ಇತ್ತು. ಅಲ್ಲಿಂದಾಚೆಗೆ ಅಲ್ಲೊಂದು ಇಲ್ಲೊಂದು ಲೆಕ್ಕದ ತುಣುಕು, ನಡುವೆ ಖಾಲಿ ಪುಟಗಳು. ಕೊನೆಯ ಪುಟದ ಕೆಳಗೆ ಸಣ್ಣದಾಗಿ 'ಸಾರಿ ಸರ್' ಅಂತ ಇತ್ತು.

ಗೊತ್ತಿಲ್ಲದ ಮಗುವಿನ ಪತ್ರಿಕೆ ಹೀಗಿರುವುದಿಲ್ಲ. ಗೊತ್ತಿಲ್ಲದವರು ಬಿಟ್ಟು ಮುಂದೆ ಹೋಗುತ್ತಾರೆ, ಇಲ್ಲಾ ಏನೋ ಒಂದು ಗೀಚುತ್ತಾರೆ. ಗೊತ್ತಿದ್ದೂ ತನ್ನ ಉತ್ತರವನ್ನು ತಾನೇ ನಂಬಲಾರದ ಮಗು ಹೀಗೆ ಬರೆದು ಬರೆದು ಹೊಡೆದುಹಾಕುತ್ತದೆ. ಲೆಕ್ಕ ಮಾಡುವಾಗ ನಾವು ಹಿಂದಿನ ಹೆಜ್ಜೆಯನ್ನು ತಲೆಯಲ್ಲಿ ಹಿಡಿದಿಟ್ಟುಕೊಂಡು ಮುಂದಿನದನ್ನು ಯೋಚಿಸಬೇಕು. ಆ ಹಿಡಿದಿಟ್ಟುಕೊಳ್ಳುವ ಜಾಗ ಬಹಳ ಚಿಕ್ಕದು. 'ತಪ್ಪಾದರೆ ಏನು ಗತಿ' ಎಂಬ ಯೋಚನೆ ಅಲ್ಲಿ ಬಂದು ಕೂತರೆ ಲೆಕ್ಕಕ್ಕೆ ಜಾಗ ಉಳಿಯುವುದಿಲ್ಲ. ಮಕ್ಕಳು 'ಬ್ಲ್ಯಾಂಕ್ ಆಗೋಯ್ತು ಸರ್' ಅನ್ನುವುದು ಇದಕ್ಕೇ, ಅದು ನೆಪ ಅಲ್ಲ. ಓದಿದ್ದು ಎಲ್ಲೂ ಹೋಗಿರುವುದಿಲ್ಲ, ಆ ಹೊತ್ತಿಗೆ ಕೈಗೆ ಸಿಗುವುದಿಲ್ಲ ಅಷ್ಟೇ. ಆದ್ದರಿಂದ ಇಂಥ ಮಗುವಿಗೆ 'ಇನ್ನೂ ಜಾಸ್ತಿ ಓದು' ಅಂದರೆ ಏನೂ ಪ್ರಯೋಜನ ಇಲ್ಲ.

ನಾನು ಹುಡುಗಿಯನ್ನು ಮಾತಾಡಿಸುವ ಮುಂಚೆ ಅವಳನ್ನು ದಿನಾ ನೋಡುವವರನ್ನೆಲ್ಲ ಒಬ್ಬೊಬ್ಬರಾಗಿ ಕೇಳಿದೆ. ಪ್ರಕರಣದ ಮುಖ್ಯ ಭಾಗ ಇದೇ ಅನ್ನುವುದು ನನ್ನ ಅಭಿಪ್ರಾಯ. ಅಮ್ಮ ಹೇಳಿದರು: ಸಂಕ್ರಾಂತಿ ಆದಮೇಲೆ ಬೆಳಗ್ಗೆ ಹೊಟ್ಟೆನೋವು ಅಂತಾಳೆ, ಭಾನುವಾರ ಇರಲ್ಲ. ಎರಡು ಸಲ ಡಾಕ್ಟರ ಹತ್ತಿರ ಹೋಗಿದ್ದರು, ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟಿದ್ದರು. ಪಿಟಿ ಮೇಷ್ಟ್ರು ಹೇಳಿದರು: ಥ್ರೋಬಾಲ್ ಟೀಮಿನಲ್ಲಿದ್ದಳು, ದೀಪಾವಳಿಯಿಂದ ಅಂಗಳಕ್ಕೇ ಬಂದಿಲ್ಲ, ಟೆಂತ್ ಅಲ್ವಾ ಅಂತ ನಾನೂ ಸುಮ್ನಾದೆ. ಬಿಸಿಯೂಟ ಬಡಿಸುವ ಅಕ್ಕ ಹೇಳಿದ್ದು: ತಟ್ಟೆ ಹಿಡಿದುಕೊಂಡು ಬರುತ್ತಾಳೆ, ಅರ್ಧ ಅನ್ನ ಪಕ್ಕದವಳಿಗೆ ಹಾಕುತ್ತಾಳೆ. ಪಕ್ಕದ ಬೆಂಚಿನ ಗೆಳತಿ ಹೇಳಿದ್ದು: 'ಮುಂಚೆ ಎಲ್ಲದಕ್ಕೂ ನಗೋಳು ಮಿಸ್, ಈಗ ಮಾತಾಡ್ಸಿದ್ರೆ ಅಳ್ತಾಳೆ. ಅವಳ ಕಂಪಾಸ್ ಬಾಕ್ಸ್ ನಂಗೆ ಕೊಟ್ಬಿಟ್ಟಳು, ನಂಗಿನ್ನು ಬೇಡ ಅಂದಳು.' ಅಪ್ಪ ಮಾತ್ರ 'ತುಂಬಾ ಚೆನ್ನಾಗಿ ಓದ್ತಿದಾಳೆ ಮೇಡಂ, ಬೆಳಗಿನ ಜಾವ ನಾಲ್ಕಕ್ಕೇ ದೀಪ ಹಾಕ್ತಾಳೆ' ಅಂದರು. ಅವರು ಹೇಳಿದ್ದೂ ಸುಳ್ಳಲ್ಲ.

ಒಂದೊಂದಾಗಿ ನೋಡಿದರೆ ಇದರಲ್ಲಿ ಯಾವುದೂ ಗಾಬರಿ ಬೀಳುವಂಥದ್ದಲ್ಲ. ಹೊಟ್ಟೆನೋವು ಯಾರಿಗೆ ಬರಲ್ಲ? ಟೆಂತ್ ಮಕ್ಕಳು ಆಟ ಬಿಡುವುದನ್ನು ನಾವೇ ಹೊಗಳುತ್ತೇವೆ. ಆದರೆ ಐದು ಜನರ ಹತ್ತಿರ ಇದ್ದ ಐದು ತುಂಡುಗಳನ್ನು ಒಟ್ಟಿಗೆ ಇಟ್ಟಾಗ ಬೇರೆಯೇ ಚಿತ್ರ ಬಂತು: ಊಟ, ನಿದ್ದೆ, ಆಟ, ಗೆಳತಿ, ನಗು ಎಲ್ಲವೂ ಒಂದೇ ಅವಧಿಯಲ್ಲಿ ಕಡಿಮೆಯಾಗಿವೆ. ನೋಡಬೇಕಾದ್ದು ಮಗು ಬೇರೆ ಮಕ್ಕಳ ಹಾಗಿದೆಯಾ ಅನ್ನುವುದನ್ನಲ್ಲ, ಮೂರು ತಿಂಗಳ ಹಿಂದಿನ ತನ್ನ ಹಾಗೇ ಇದೆಯಾ ಅನ್ನುವುದನ್ನು. ಮೊದಲಿಂದ ಮಾತು ಕಡಿಮೆ ಇರುವ ಹುಡುಗ ಸುಮ್ಮನಿದ್ದರೆ ಅದು ಲಕ್ಷಣ ಅಲ್ಲ. ವಟವಟ ಅನ್ನುತ್ತಿದ್ದವಳು ಸುಮ್ಮನಾದರೆ ಲಕ್ಷಣ. ಇನ್ನು ಇಷ್ಟದ ವಸ್ತು ಕೊಟ್ಟುಬಿಡುವುದು, 'ನಂಗಿನ್ನು ಬೇಡ' ಅನ್ನುವುದು, ಇದನ್ನು ಕೇಳಿದ ಮೇಲೆ ನಾಳೆ ನೋಡೋಣ ಅನ್ನುವ ಹಾಗಿಲ್ಲ. ನಾನು ಅವತ್ತೇ ಮಧ್ಯಾಹ್ನ ಹುಡುಗಿಯನ್ನು ಕರೆದೆ.

ಮೊದಲ ಅರ್ಧ ಗಂಟೆ ಪರೀಕ್ಷೆಯ ಮಾತೇ ಎತ್ತಲಿಲ್ಲ. ದಿನ ಹೇಗೆ ಕಳೆಯುತ್ತೆ ಅಂತ ಬೆಳಗ್ಗೆಯಿಂದ ಹೇಳಿಸಿದೆ. ನಾಲ್ಕಕ್ಕೆ ಏಳುವುದು, ಆರಕ್ಕೆ ಟ್ಯೂಷನ್, ಎಂಟೂವರೆಗೆ ಶಾಲೆಯಲ್ಲಿ ವಿಶೇಷ ತರಗತಿ, ಸಂಜೆ ಮತ್ತೆ ವಿಶೇಷ ತರಗತಿ, ಆಮೇಲೆ ಇನ್ನೆರಡು ಟ್ಯೂಷನ್, ರಾತ್ರಿ ಹನ್ನೊಂದೂವರೆವರೆಗೆ ಓದು. ನಿದ್ದೆ ನಾಲ್ಕೂವರೆ ಗಂಟೆ. ಹದಿಹರೆಯದ ಮಕ್ಕಳಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಅದರ ಮೇಲೆ ಆ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗಿ ಓಡುತ್ತದೆ, ರಾತ್ರಿ ಬೇಗ ನಿದ್ದೆ ಬರುವುದಿಲ್ಲ, ಬೆಳಗ್ಗೆ ಬೇಗ ಎಚ್ಚರ ಆಗುವುದಿಲ್ಲ. ಬೆಳಗಿನ ಜಾವ ಓದಿದ್ದು ತಲೆಗೆ ಹತ್ತುತ್ತೆ ಅನ್ನುವುದು ಎಂಟಕ್ಕೇ ಊರೆಲ್ಲ ಮಲಗುತ್ತಿದ್ದ ಕಾಲದ ಮಾತು.

ಆಮೇಲೆ ಅವಳೇ ದುಡ್ಡಿನ ವಿಷಯಕ್ಕೆ ಬಂದಳು. ಜಿಲ್ಲೆಯಾಚೆಯ ಒಂದು ದೊಡ್ಡ ಪಿಯು ಕಾಲೇಜಿನಲ್ಲಿ ಒಳ್ಳೆ ಅಂಕ ಬಂದವರಿಗೆ ಫೀಸು ಮಾಫಿ ಇದೆ ಅಂತ ಯಾರೋ ಅಪ್ಪನಿಗೆ ಹೇಳಿದ್ದರು. 625ಕ್ಕೆ 600 ದಾಟಬೇಕು. ಅಪ್ಪ ಅಮ್ಮ ಒಂದು ರಾತ್ರಿ ಅಡುಗೆಮನೆಯಲ್ಲಿ 'ಬರದೇ ಹೋದ್ರೆ ಆಟೊ ಮೇಲೆ ಸಾಲ ಮಾಡೋಣ' ಅಂದದ್ದನ್ನು ಇವಳು ಕೇಳಿಸಿಕೊಂಡಿದ್ದಳು. ಯಾರೂ ಅವಳಿಗೆ ಹೇಳಿದ್ದಲ್ಲ, ಅವಳು ಯಾರನ್ನೂ ಕೇಳಿದ್ದೂ ಅಲ್ಲ. ತಾನು 600 ತೆಗೆಯದಿದ್ದರೆ ಅಪ್ಪನ ಆಟೊ ಹೋಗುತ್ತೆ ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. ಪ್ರತಿ ಒಂದು ಅಂಕದ ತಪ್ಪಿಗೂ ಅವಳು ಆಟೊ ಲೆಕ್ಕ ಹಾಕುತ್ತಿದ್ದಳು. ಹಾಗಿರುವಾಗ 'ನಿನ್ನ ಕೈಲಿ ಆಗುತ್ತೆ, ನಮಗೆ ಗೊತ್ತು' ಅನ್ನುವ ಮಾತು ಧೈರ್ಯ ಕೊಡುತ್ತಾ? ಆಗಲ್ಲ ಅಂತ ಹೇಳಿಕೊಳ್ಳುವ ದಾರಿಯನ್ನೇ ಅದು ಮುಚ್ಚಿಬಿಡುತ್ತದೆ.

ಸಾವಿನ ಬಗ್ಗೆ ನಾನು ನೇರವಾಗಿಯೇ ಕೇಳಿದೆ. ಪೋಷಕರು, ಮೇಷ್ಟ್ರುಗಳು ಇದಕ್ಕೆ ತುಂಬಾ ಹೆದರುತ್ತಾರೆ, ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತೆ ಅಂತ. ಹಾಗೆ ಆಗುವುದಿಲ್ಲ. ಒಬ್ಬರು ಗಾಬರಿಯಾಗದೆ ಕೇಳಿದರೆ ಮಗುವಿಗೆ ಹೇಳಿಕೊಳ್ಳಲು ದಾರಿ ಸಿಗುತ್ತದೆ. 'ಇಷ್ಟೆಲ್ಲ ಆದಾಗ ಕೆಲವರಿಗೆ ಬದುಕೋದೇ ಬೇಡ ಅನ್ಸುತ್ತೆ. ನಿಂಗೆ ಯಾವತ್ತಾದ್ರೂ ಅನ್ಸಿದ್ಯಾ?' ಅಂದೆ. ಸ್ವಲ್ಪ ಹೊತ್ತು ಬಿಟ್ಟು, 'ಬೆಳಗ್ಗೆ ಎಚ್ಚರಾನೇ ಆಗ್ದಿದ್ರೆ ಚೆನ್ನಾಗಿರುತ್ತೆ ಅನ್ಸುತ್ತೆ ಮಿಸ್' ಅಂದಳು. ಏನಾದರೂ ಮಾಡಿಕೊಳ್ಳಬೇಕು ಅಂತ ಯೋಚಿಸಿದ್ದೀಯಾ, ಹೇಗೆ, ಯಾವಾಗ ಅಂತೆಲ್ಲ ಯೋಚನೆ ಬಂದಿದೆಯಾ ಅಂತಲೂ ಕೇಳಿದೆ. ಇಲ್ಲ ಅಂದಳು. ಎರಡೂ ಒಂದೇ ಅಲ್ಲ. ಯೋಜನೆ ಇದೆ ಅನ್ನುವ ಮಗುವನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಯೋಜನೆ ಇಲ್ಲ ಅಂದರೂ ಸುಮ್ನೆ ಬಿಡುವಂತಿಲ್ಲ. ಇಂಥ ಮಾತನ್ನು ನಿನ್ನಲ್ಲೂ ನನ್ನಲ್ಲೂ ಮಾತ್ರ ಇಟ್ಟುಕೊಳ್ಳೋಕೆ ಆಗಲ್ಲ, ಮನೆಗೆ ಹೇಳಲೇಬೇಕು, ಆದರೆ ಯಾರಿಗೆ ಮೊದಲು, ಹೇಗೆ ಅನ್ನೋದನ್ನ ನೀನು ಹೇಳು ಅಂದೆ. ಅಮ್ಮನಿಗೆ ಮೊದಲು, ನಾನೂ ಪಕ್ಕದಲ್ಲಿ ಇರ್ತೀನಿ ಅಂದಳು.

ಅಮ್ಮ ಬಂದರು. ಅತ್ತರು. ಆಮೇಲೆ 'ನಾವೇನು ಕಡಿಮೆ ಮಾಡಿದ್ವಿ' ಅಂದರು, ಎಲ್ಲಾ ತಂದೆತಾಯಿಯೂ ಅನ್ನುವ ಮಾತು ಅದು. ಅದಕ್ಕೆ ಉತ್ತರ ಕೊಡುತ್ತಾ ಕೂರದೆ ಅವತ್ತಿನ ರಾತ್ರಿಗೆ ಏನು ಬೇಕೋ ಅದನ್ನು ಹೇಳಿದೆ. ಕೆಲವು ದಿನ ಅವಳು ನಿಮ್ಮ ಪಕ್ಕದಲ್ಲೇ ಮಲಗಲಿ. ಹಿತ್ತಲ ಕೋಣೆಯಲ್ಲಿರುವ ಹೊಲದ ಔಷಧಿ, ಮನೆಯಲ್ಲಿರುವ ಮಾತ್ರೆಗಳು ಬೀಗದೊಳಗೆ ಹೋಗಲಿ, ಕೀಲಿ ನಿಮ್ಮ ಹತ್ತಿರ ಇರಲಿ. ಇಂಥ ಯೋಚನೆ ಜೋರಾಗುವ ಹೊತ್ತು ಬಹಳ ಸಲ ಚಿಕ್ಕದು, ಆ ಹೊತ್ತಿನಲ್ಲಿ ಅಪಾಯದ ವಸ್ತು ಕೈಗೆ ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತವೆ. ರಾತ್ರಿ ಗಾಬರಿಯಾದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಅದು ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವುದು ಮಂಗಳವಾರ. ನಮ್ಮ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಹಾಗೆ ವ್ಯವಸ್ಥೆ ಇದೆ, ಎಷ್ಟೋ ಮೇಷ್ಟ್ರುಗಳಿಗೇ ಇದು ಗೊತ್ತಿಲ್ಲ. ವೈದ್ಯರು ಮೊದಲು ರಕ್ತ ಪರೀಕ್ಷೆ ಬರೆದರು. ಹಿಮೋಗ್ಲೋಬಿನ್ ಕಡಿಮೆ ಇತ್ತು. ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಹೊಟ್ಟೆನೋವು ಜಾಸ್ತಿಯಾಗುತ್ತೆ ಅಂತ ಅವಳು ನುಂಗುತ್ತಿರಲಿಲ್ಲ. ಸುಸ್ತು, ತಲೆಸುತ್ತು, ಗಮನ ನಿಲ್ಲದಿರುವುದು, ಇದರಲ್ಲಿ ಒಂದಷ್ಟು ರಕ್ತಹೀನತೆಯ ಪಾಲೂ ಇತ್ತು. ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಬಾರದು. ಮನಸ್ಸಿಗೆ ಮಾತ್ರೆ ಈಗಲೇ ಬೇಡ, ಎರಡು ವಾರ ಬಿಟ್ಟು ನೋಡೋಣ ಅಂದರು. ಪರೀಕ್ಷೆಯ ಭಯವೋ ಖಿನ್ನತೆಯೋ ಅಂತ ಬೇರೆ ಮಾಡಲು ಅವರು ಕೇಳಿದ ಪ್ರಶ್ನೆ ಪೋಷಕರಿಗೂ ಉಪಯೋಗ ಆಗುತ್ತೆ: ಓದಿನ ಮಾತಿಲ್ಲದ ದಿನ ಹೇಗಿರುತ್ತಾಳೆ? ಭಯ ಮಾತ್ರ ಆಗಿದ್ದರೆ ಮದುವೆ ಮನೆಯಲ್ಲಿ, ಅಜ್ಜಿ ಊರಿನಲ್ಲಿ ಮಗು ಸಡಿಲವಾಗುತ್ತದೆ. ಅಲ್ಲೂ ಖುಷಿ ಇಲ್ಲ, ಎರಡು ವಾರದಿಂದ ಹೆಚ್ಚುಕಮ್ಮಿ ದಿನವಿಡೀ ಹೀಗೇ, ಅಂದರೆ ಅದು ಬರೀ ಪರೀಕ್ಷೆಯ ವಿಷಯ ಅಲ್ಲ. ನಮ್ಮ ಹುಡುಗಿ ನಡುವಿನಲ್ಲಿದ್ದಳು. ಭಾನುವಾರ ಸಂಜೆ ತಮ್ಮನ ಜೊತೆ ಇನ್ನೂ ನಗುತ್ತಿದ್ದಳು.

ಪರೀಕ್ಷೆಗೆ ಐದು ವಾರವೂ ಪೂರ್ತಿ ಉಳಿದಿರಲಿಲ್ಲ. ಮಾಡಿದ್ದು ನಾಲ್ಕೇ ಕೆಲಸ, ಅದರಲ್ಲಿ ಅಪ್ಪನದೇ ಮೊದಲು.

ಅಪ್ಪ ಅವಳನ್ನು ಎದುರು ಕೂರಿಸಿಕೊಂಡು ದುಡ್ಡಿನ ಲೆಕ್ಕ ಹೇಳಿದರು. ಆಟೊ ಕಂತು ಎಷ್ಟು ಬಾಕಿ, ಕೈಯಲ್ಲಿ ಎಷ್ಟಿದೆ, ಊರಿನ ಸರ್ಕಾರಿ ಪಿಯು ಕಾಲೇಜಿನ ಫೀಸು ಎಷ್ಟು. ಆಮೇಲೆ ಅಂದದ್ದು ಇಷ್ಟು: 'ಎಷ್ಟೇ ಬರ್ಲಿ, ನೀನು ಸೈನ್ಸೇ ಓದ್ತೀಯ, ಇಲ್ಲೇ ಓದ್ತೀಯ. ಅಲ್ಲಿ ಸಿಕ್ಕಿದ್ರೆ ಆಮೇಲೆ ನೋಡೋಣ.' ಹೆದರಬೇಡ ಅಂತ ನೂರು ಸಲ ಹೇಳುವುದಕ್ಕಿಂತ ಇದು ಕೆಲಸ ಮಾಡಿತು, ಯಾಕೆಂದರೆ ಹೆದರಿಕೆಗೆ ಕಾರಣ ಆಗಿದ್ದ ವಿಷಯವನ್ನೇ ಇದು ಮುಟ್ಟಿತು. ಇಲ್ಲಿ ಒಂದು ಎಚ್ಚರಿಕೆ: ನೀವು ಪಾಲಿಸಲಾರದ ಮಾತು ಕೊಡಬೇಡಿ. 'ಅಂಕ ಮುಖ್ಯವೇ ಅಲ್ಲ' ಅಂದರೆ ಮಕ್ಕಳು ನಂಬಲ್ಲ. ನಿನ್ನೆವರೆಗೆ ನೀವೇ ಬೇರೆ ಹೇಳಿದ್ದನ್ನು ಅವರು ಕೇಳಿರುತ್ತಾರೆ.

ಎರಡನೆಯದು ನಿದ್ದೆ. ನಾಲ್ಕು ಗಂಟೆಯ ಅಲಾರಂ ತೆಗೆಸಲು ಹೋದರೆ ಹುಡುಗಿಯೇ ಜಗಳಕ್ಕೆ ಬಂದಳು. ಎದ್ದು ಕೂರದಿದ್ದರೆ ತಪ್ಪು ಮಾಡಿದ ಹಾಗನ್ನಿಸುತ್ತಿತ್ತು ಅವಳಿಗೆ. ಹತ್ತು ದಿನದ ಪ್ರಯೋಗ ಅಂತ ಒಪ್ಪಿಸಿದೆವು. ಹತ್ತೂವರೆಗೆ ಮಲಗಿ ಆರೂವರೆಗೆ ಏಳುವುದು. ಮೂರು ಟ್ಯೂಷನ್ನಿನಲ್ಲಿ ಸಂಜೆಯ ಒಂದು ಮಾತ್ರ ಉಳಿಯಿತು. ಮುಖ್ಯೋಪಾಧ್ಯಾಯರು ಬೆಳಗಿನ ವಿಶೇಷ ತರಗತಿಯಿಂದ ಅವಳಿಗೆ ವಿನಾಯಿತಿ ಕೊಟ್ಟರು, ಸ್ವಲ್ಪ ಗೊಣಗಿಕೊಂಡೇ ಕೊಟ್ಟರು. ಮೊದಲ ಮೂರು ದಿನ ರಾತ್ರಿ ನಿದ್ದೆಯೇ ಬರಲಿಲ್ಲ, ಅದು ಹಾಗೇ, ಅಲ್ಲಿಗೇ ಕೈಬಿಡಬಾರದು. ಒಂದು ವಾರ ಆಗುವ ಹೊತ್ತಿಗೆ ಬೆಳಗಿನ ಹೊಟ್ಟೆನೋವು ಕಡಿಮೆಯಾಗುತ್ತಾ ಬಂತು.

ಮೂರನೆಯದು ಪರೀಕ್ಷೆ ಬರೆಯುವ ಅಭ್ಯಾಸ. ಮೂರನೇ ಪೂರ್ವಸಿದ್ಧತಾ ಪರೀಕ್ಷೆ ಬಿಟ್ಟುಬಿಡಲಿ ಅಂತ ಅಮ್ಮ ಕೇಳಿಕೊಂಡರು. ನನಗೆ ಒಪ್ಪಿಗೆ ಇರಲಿಲ್ಲ. ತಪ್ಪಿಸಿಕೊಂಡ ದಿನ ಹಾಯೆನಿಸುತ್ತದೆ, ಆ ಹಾಯೆನಿಸುವುದೇ ಭಯಕ್ಕೆ ಗೊಬ್ಬರ, ಮುಂದಿನ ಸಲ ಅದು ಇನ್ನೂ ಎತ್ತರ ಬೆಳೆದಿರುತ್ತದೆ. ಹಾಗಂತ ಒಮ್ಮೆಗೇ ಹಾಲ್‌ಗೆ ತಳ್ಳಲೂ ಬಾರದು. ಗಣಿತದ ಮೇಷ್ಟ್ರು ಸ್ಟಾಫ್ ರೂಮಿನ ಪಕ್ಕದ ಕೋಣೆಯಲ್ಲಿ ಅವಳೊಬ್ಬಳನ್ನೇ ಕೂರಿಸಿ ಹತ್ತು ನಿಮಿಷದ ಪರೀಕ್ಷೆ ಕೊಟ್ಟರು, ಅಂಕ ಹಾಕಲಿಲ್ಲ. ಆಮೇಲೆ ಅರ್ಧ ಗಂಟೆ. ಆಮೇಲೆ ಇಬ್ಬರು ಗೆಳತಿಯರ ಜೊತೆ ಒಂದು ಗಂಟೆ. ಆಮೇಲೆ ಪೂರ್ತಿ ಪೇಪರು, ಎಲ್ಲರ ಜೊತೆ. ನಿಯಮ ಎರಡೇ. ಎರಡು ಅಂಕದ ಲೆಕ್ಕಕ್ಕೆ ಐದು ನಿಮಿಷಕ್ಕಿಂತ ಜಾಸ್ತಿ ಇಲ್ಲ, ಬರಲಿಲ್ಲ ಅಂದರೆ ಅಷ್ಟು ಜಾಗ ಬಿಟ್ಟು ಮುಂದಕ್ಕೆ. ಬರೆದದ್ದನ್ನು ಹೊಡೆದುಹಾಕುವ ಹಾಗಿಲ್ಲ, ಅನುಮಾನ ಬಂದರೆ ಪಕ್ಕದಲ್ಲಿ ಒಂದು ಚುಕ್ಕಿ ಇಟ್ಟು ಕೊನೆಗೆ ತಿರುಗಿ ನೋಡುವುದು. ಪ್ರಶ್ನೆಪತ್ರಿಕೆ ಓದಲು ಕೊಡುವ ಮೊದಲ 15 ನಿಮಿಷದಲ್ಲಿ ಖಂಡಿತ ಬರುವವಕ್ಕೆ ಗುರುತು ಮಾಡಿಕೊಂಡು ಅಲ್ಲಿಂದಲೇ ಶುರು ಮಾಡುವುದನ್ನೂ ಕಲಿತಳು. ಎದೆ ಹೊಡೆದುಕೊಂಡಾಗ ಪೆನ್ನು ಕೆಳಗಿಟ್ಟು ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ, ಉದ್ದಕ್ಕೆ ಬಿಡುವುದು, ಒಂದು ಆರೇಳು ಸಲ. ಇದನ್ನು ಮನೆಯಲ್ಲಿ ದಿನಾ ಮಾಡಿದ್ದರೆ ಮಾತ್ರ ಹಾಲ್‌ನಲ್ಲಿ ನೆನಪಿಗೆ ಬರುತ್ತದೆ.

ನಾಲ್ಕನೆಯದು ಶಾಲೆಯ ಪಾಲು, ಅದೇ ಎಡವಿದ್ದು. ನೋಟಿಸ್ ಬೋರ್ಡಿನಲ್ಲಿ ರ‍್ಯಾಂಕ್ ಪಟ್ಟಿ ಹಾಕುವುದಿಲ್ಲ, ಅಂಕ ಗಟ್ಟಿಯಾಗಿ ಓದುವುದಿಲ್ಲ ಅಂತ ಮೇಷ್ಟ್ರುಗಳು ಒಪ್ಪಿದ್ದರು. ಮೂರನೇ ಪೂರ್ವಸಿದ್ಧತೆಯ ಅಂಕಪಟ್ಟಿಯ ಫೋಟೊವನ್ನು ಒಬ್ಬರು ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟರು, ಕೆಟ್ಟ ಉದ್ದೇಶ ಏನಿಲ್ಲ, ಯಾವಾಗಲೂ ಹಾಕುತ್ತಿದ್ದರು ಅಂತ ಹಾಕಿದ್ದು. ಗಣಿತದಲ್ಲಿ ಅವಳಿಗೆ 54 ಬಂದಿತ್ತು, 31ರಿಂದ 54. ಅದನ್ನು ನೋಡಿದ ಚಿಕ್ಕಪ್ಪ ಫೋನ್ ಮಾಡಿ 'ಏನಮ್ಮ, ನಿಂಗೇನಾಯ್ತು' ಅಂದರು. ಎರಡು ದಿನ ಊಟ ಬಿಟ್ಟಳು. ವೈದ್ಯರ ಹತ್ತಿರ ಹೋಗುವ ದಿನ ಹತ್ತಿರವೇ ಇದ್ದದ್ದು ಒಳ್ಳೆಯದಾಯಿತು. ಅಪ್ಪ ನೆಂಟರಿಗೆಲ್ಲ ಹೇಳಿದರು, ಪರೀಕ್ಷೆ ಮುಗಿಯುವವರೆಗೆ ಅಂಕದ ಮಾತು ನನ್ನ ಹತ್ತಿರ ಆಡಿ, ಅವಳ ಹತ್ತಿರ ಬೇಡ ಅಂತ.

ಮುಖ್ಯ ಪರೀಕ್ಷೆಯಲ್ಲಿ ಗಣಿತದ ದಿನ 22ನೇ ಪ್ರಶ್ನೆಗೆ ಕೈ ನಿಂತಿತಂತೆ. ಜಾಗ ಬಿಟ್ಟಳು, ಮುಂದೆ ಹೋದಳು. ಒಟ್ಟು 561 ಬಂತು, 600 ಅಲ್ಲ. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆದು ಯಾವುದರಲ್ಲಿ ಜಾಸ್ತಿಯೋ ಅದನ್ನು ಇಟ್ಟುಕೊಳ್ಳುವ ಅವಕಾಶ ಬಂದಿದೆ (ಈ ವರ್ಷದ ನಿಯಮವನ್ನು ಶಾಲೆಯಲ್ಲಿ ಕೇಳಿಕೊಳ್ಳಿ). ಅದನ್ನು ಅವಳಿಗೆ ಮುಂಚೆಯೇ ವಿವರಿಸಿದ್ದೆವು, ಅವಳು ಎರಡನೇ ಸಲ ಬರೆಯಲಿಲ್ಲ. ಫಲಿತಾಂಶದ ದಿನ ಅಪ್ಪ ಬಾಡಿಗೆಗೆ ಹೋಗದೆ ಮನೆಯಲ್ಲೇ ಇದ್ದರು. ಮೊದಲೇ ಹಾಗಂತ ಮಾತಾಗಿತ್ತು, ಆ ದಿನ ಯಾವ ಮಗುವೂ ಮೊಬೈಲ್ ಹಿಡಿದು ಒಂಟಿಯಾಗಿ ಕೂರಬಾರದು. ಊರಿನ ಪಿಯು ಕಾಲೇಜಿಗೆ ಸೇರಿದಳು. ಮೊದಲ ವರ್ಷದ ಭೌತಶಾಸ್ತ್ರದಲ್ಲಿ ಮತ್ತೆ ಕೈ ನಿಲ್ಲಲು ಶುರುವಾದಾಗ ಅವಳೇ ಫೋನ್ ಮಾಡಿದಳು.

ಇದನ್ನು ಹೇಳಿ ಮುಗಿಸಿದ ಮೇಲೆ ಸಭೆಯಲ್ಲಿ ಯಾರಾದರೂ ಒಬ್ಬ ಅಪ್ಪ ಎದ್ದು, 'ಓದೋ ಮಕ್ಕಳ ಕಥೆ ಇದು ಮೇಡಂ, ನಮ್ಮವನು ಪುಸ್ತಕಾನೇ ಮುಟ್ಟಲ್ಲ, ಅವನಿಗೆಂಥ ಒತ್ತಡ?' ಅನ್ನುತ್ತಾರೆ. ಪುಸ್ತಕ ಮುಟ್ಟದಿರುವುದೂ ಎಷ್ಟೋ ಸಲ ಭಯವೇ. ಓದಿ ಫೇಲಾಗುವುದಕ್ಕಿಂತ ಓದದೇ ಫೇಲಾದರೆ ಮರ್ಯಾದೆ ಉಳಿಯುತ್ತೆ ಅಂತ ಹುಡುಗರು ಲೆಕ್ಕ ಹಾಕುತ್ತಾರೆ. ಒಂದು ಸುಲಭ ಪರೀಕ್ಷೆ ಇದೆ. ಅವನಿಗೆ ಖಂಡಿತ ಬರುವ ಒಂದು ಚಿಕ್ಕ ಪಾಠದಿಂದ ಐದು ಪ್ರಶ್ನೆ ಕೊಡಿ, ಪಕ್ಕದಲ್ಲಿ ಸುಮ್ಮನೆ ಕೂತಿರಿ. ಆಸಕ್ತಿ ಇಲ್ಲದವನು ಬೇಜಾರಿನಲ್ಲಾದರೂ ಬರೆದು ಮುಗಿಸಿ ಎದ್ದು ಹೋಗುತ್ತಾನೆ. ಹೆದರಿದವನು ನೀರು ಕುಡಿಯಲು ಏಳುತ್ತಾನೆ, ಪೆನ್ನು ಸರಿಯಿಲ್ಲ ಅನ್ನುತ್ತಾನೆ, ಸಿಟ್ಟಾಗುತ್ತಾನೆ, ಎರಡನೇ ಸಾಲಿಗೇ ಹೊಡೆದುಹಾಕುತ್ತಾನೆ. ಹಾಗೆ ಕಂಡರೆ ಬೈಯುವುದನ್ನು ಅಲ್ಲಿಗೆ ನಿಲ್ಲಿಸಿ, ಅವನ ಕ್ಲಾಸ್ ಮೇಷ್ಟ್ರನ್ನೂ ಪಿಟಿ ಮೇಷ್ಟ್ರನ್ನೂ ಒಮ್ಮೆ ಕೇಳಿ, ಅವರಿಗೆ ಏನು ಕಂಡಿದೆ ಅಂತ.